ಗಾಮಾ 1.28 ಬಂತು, ಎರಡು ದಿನ ಖುಷಿಪಟ್ಟೆ

ಗಾಳಿಯ ಗಾಮಾ ಅಳೆಯಲು ಇಟ್ಟುಕೊಂಡು, ಮೂರು ವಾರದಿಂದ ಕಾಟ ಕೊಡುತ್ತಿದ್ದ ಗಾಜಿನ ಜಾಡಿ ನಿನ್ನೆ ರಾತ್ರಿ ದಾರಿಗೆ ಬಂತು. ಒತ್ತಡ ಬದಲಾಗದಂತೆ ಗಾಳಿ ಕಾಯಿಸಲು ಬೇಕಾದ ಶಾಖವನ್ನು, ಗಾತ್ರ ಬದಲಾಗದಂತೆ ಅಷ್ಟೇ ಕಾಯಿಸಲು ಬೇಕಾದ ಶಾಖದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಗಾಮಾ.

ಬಿರಡೆ, ಸೈಕಲ್ ಪಂಪು, ಬಣ್ಣದ ನೀರಿನ U ಕೊಳವೆ, ಜಾಡಿಗೆ ಜೋಡಿಸಿದ್ದು ಇಷ್ಟೇ. ಗಾಳಿ ತುಂಬಿ, ತಣಿಯಲು ಬಿಟ್ಟು, ಕೊಳವೆಯ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ `h1` ಓದುವುದು. ಕವಾಟ ಫಟ್ ಅಂತ ತೆರೆದು ಮುಚ್ಚುವುದು. ಒಳಗಿನ ಗಾಳಿ ಮತ್ತೆ ಕೋಣೆಯ ಬಿಸಿಗೆ ಬಂದಮೇಲೆ `h2` ಓದುವುದು. ಆಗ ಗಾಮಾ `h1/(h1-h2)`.

ನನಗೆ ಬಂದಿದ್ದು 18.4 ಮತ್ತು 4.0 ಸೆಂಟಿಮೀಟರ್. ಗಾಮಾ 1.28. `f = 2/(γ-1)` ಹಾಕಿದರೆ ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಅಣು ಶಕ್ತಿ ಇಟ್ಟುಕೊಳ್ಳುವ ದಾರಿಗಳ ಲೆಕ್ಕ, 7ಕ್ಕೆ ಸ್ವಲ್ಪ ಜಾಸ್ತಿ. ಹನ್ನೊಂದನೇ ಕ್ಲಾಸಿನ ಅಕ್ಕನ ಮಗಳು ಪಕ್ಕದಲ್ಲೇ ಇದ್ದಳು. "ಮಾವಾ, 9/7 ಅಂದ್ರೆ 1.286! ಕಂಪನ ಸೇರಿಸಿದ ದ್ವಿಪರಮಾಣು ಅನಿಲ. ನಮ್ಮ ಪುಸ್ತಕದಲ್ಲೇ ಇದೆ" ಎಂದಳು. ನಾನೂ ಹಿಗ್ಗಿದೆ.

ಹಿಗ್ಗಬಾರದಿತ್ತು. ನೈಟ್ರೋಜನ್ ಅಣುವಿನ ಕಂಪನ ಸರಿಯಾಗಿ ಏಳಬೇಕಾದರೆ ಬಿಸಿ 3,400 ಕೆಲ್ವಿನ್ ಆಸುಪಾಸಿನಲ್ಲಿರಬೇಕು. ಆಕ್ಸಿಜನ್‌ಗೆ 2,300ರ ಹತ್ತಿರ. ಕಾರವಾರದ ಜುಲೈ ಎಷ್ಟೇ ಸೆಕೆ ಅಂದರೂ 301 ಕೆಲ್ವಿನ್. ಅಲ್ಲಿ ಕಂಪನ ಮಲಗಿಯೇ ಇರುತ್ತದೆ. ಚಲನೆಗೆ 3, ತಿರುಗಲು 2, ಒಟ್ಟು 5; ಗಾಮಾ 1.40 ಬರಬೇಕು.

ಸುಮ್ನೆ ವಾದ ಬೇಡ ಅಂತ ಇನ್ನೊಂದು ದಾರಿಯಲ್ಲಿ ಅಳೆದೆ. ಪಿವಿಸಿ ಪೈಪು, ಬಕೆಟ್ ನೀರು, 512 ಹರ್ಟ್ಸ್ ಶ್ರುತಿಕವೆ. ಗಾಮಾ 1.40 ಆದರೆ ಶಬ್ದದ ವೇಗ ಸೆಕೆಂಡಿಗೆ 348 ಮೀಟರ್. ಪೈಪನ್ನು ನೀರಿನಿಂದ ಎತ್ತುತ್ತಾ ಹೋದರೆ ಶಬ್ದ ಜೋರಾಗುವ ಎರಡು ಜಾಗಗಳ, ಅಂದರೆ ಎರಡು ಅನುರಣನಗಳ ನಡುವೆ ಅರ್ಧ ತರಂಗದ ಉದ್ದ, 34.0 ಸೆಂಟಿಮೀಟರ್. 1.28 ಆದರೆ 32.5. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಸ್ಕೇಲಿನಲ್ಲೇ ಕಾಣುತ್ತದೆ. ಸಿಕ್ಕಿದ್ದು 34.1. ಅಂದರೆ ಗಾಳಿ ಸರಿ, ಜಾಡಿ ಸುಳ್ಳು.

ನಡುವೆ ಅವಳ ಹೋಂವರ್ಕಿನ ಜಗಳ ಬೇರೆ. `f` 5 ಅಂತ ಗೊತ್ತಾದ ಕೂಡಲೇ ಆರ್‌ಎಂಎಸ್ ವೇಗಕ್ಕೂ, ಅಂದರೆ ಅಣುಗಳ ಒಂದು ಬಗೆಯ ಸರಾಸರಿ ವೇಗಕ್ಕೂ, `√(5RT/M)` ಬರೆದಿದ್ದಳು. ಅಲ್ಲಿ ಯಾವಾಗಲೂ 3. ಅಣು ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದಷ್ಟೇ ಪ್ರಶ್ನೆ. ಓಡುತ್ತಾ ಬುಗುರಿಯಂತೆ ತಿರುಗಿದರೆ ಓಟ ಹೆಚ್ಚುವುದಿಲ್ಲ. ಗಾಳಿಗೆ ಸೆಕೆಂಡಿಗೆ 509 ಮೀಟರ್. 348ನ್ನು 509ರಿಂದ ಭಾಗಿಸಿದರೆ 0.68, ಅದೇ `√(γ/3)`. 5 ಬರುವುದು ಗಾಮಾದಲ್ಲಿ, 3 ಅಲ್ಲೇ ಕೆಳಗೆ ಕೂತಿರುತ್ತದೆ.

ಸರಿ, ಜಾಡಿ ಯಾಕೆ ಸುಳ್ಳು ಹೇಳಿತು? ಕವಾಟ ಹೆಚ್ಚು ಹೊತ್ತು ತೆರೆದಿಟ್ಟರೆ ಗಾಳಿ ಆಗಲೇ ಬೆಚ್ಚಗಾಗಿ `h2` ಕಮ್ಮಿಯಾಗುತ್ತದೆ. ಬೇಗ ಮುಚ್ಚಿ ನೋಡಿದೆ, 1.29. ಸೋರಿಕೆಗೆ ಸೋಪಿನ ನೊರೆ ಹಚ್ಚಿದೆ, ಗುಳ್ಳೆಯೇ ಇಲ್ಲ.

ಉತ್ತರ ಕೊಟ್ಟಿದ್ದು ಕರೆಂಟು ಹೋದ ರಾತ್ರಿ. ಮೊಬೈಲ್ ಟಾರ್ಚ್ ಜಾಡಿಯ ಹಿಂದೆ ಇತ್ತು. ಕವಾಟ ತೆರೆದೆ. ಬೆಳಕಿನ ಪಟ್ಟಿಯಲ್ಲಿ ತೆಳ್ಳಗೆ ಹೊಗೆಯಂಥದ್ದು ಎದ್ದು, ನಿಧಾನ ಕರಗಿತು. ಮಂಜು! ಹೊರಗೆ ಧೋ ಅಂತ ಮಳೆ, ಪಂಪು ಎಳೆದುಕೊಳ್ಳುವ ಗಾಳಿಯೇ ಒದ್ದೆ. ಹಿಗ್ಗುವ ಗಾಳಿ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಣಿಯಬೇಕು. ಆದರೆ ಅಷ್ಟರಲ್ಲಿ ಆವಿ ಹನಿಯಾಗಿ ತನ್ನ ಬಿಸಿಯನ್ನು ಗಾಳಿಗೇ ಬಿಟ್ಟುಕೊಡುತ್ತದೆ. ತಣಿಯುವುದು ಕಮ್ಮಿ, `h2` ಕಮ್ಮಿ, ಗಾಮಾ ಕಮ್ಮಿ. ಆವಿ ಬೆರೆತಿದ್ದಷ್ಟೇ ಆಗಿದ್ದರೆ ದೊಡ್ಡ ವಿಷಯವಲ್ಲ; ನೂರಕ್ಕೆ ನಾಲ್ಕು ಪಾಲು ನೀರಿನ ಆವಿಯಿಂದ `f` 5.04 ಆದೀತು ಅಷ್ಟೇ. ಹನಿಗಟ್ಟುವುದೇ ಕಳ್ಳ. 9/7ಕ್ಕೆ ಹೊಂದಿದ್ದು ಬರೀ ಕಾಕತಾಳೀಯ.

ಸಿಲಿಕಾ ಜೆಲ್ ಹುಬ್ಬಳ್ಳಿಯಿಂದ ತರಿಸಿದೆ. ನೀಲಿ ಅಂತ ದುಡ್ಡು ತೆಗೆದುಕೊಂಡು, ಆಗಲೇ ನೀರು ಕುಡಿದು ಗುಲಾಬಿಯಾಗಿದ್ದನ್ನು ಕಳಿಸಿದ್ದಾರೆ ಮಹಾನುಭಾವರು. ಹಳೇ ಡಬ್ಬದ ಮುಚ್ಚಳದಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದೆ. ನೀಲಿ ಬಣ್ಣಕ್ಕೆ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆ ಮುಟ್ಟಬೇಡಿ. ಆಯಿ ಬೈದಿದ್ದು ಬೇರೆ ಕತೆ. ಪಂಪಿನ ದಾರಿಯಲ್ಲಿ ಒಂದು ಕೊಳವೆ ತುಂಬ ಅದನ್ನಿಟ್ಟು, ಜಾಡಿಯ ತಳದಲ್ಲೂ ಒಂದು ಪೊಟ್ಟಣ ಹಾಕಿ ರಾತ್ರಿಯಿಡೀ ಬಿಟ್ಟೆ.

ಮಂಜು ಇಲ್ಲ. `h1` 18.2, `h2` 5.1. ಗಾಮಾ 1.39, `f` 5.1.

ಮುಂದಿನದು ಕಾರ್ಬನ್ ಡೈಆಕ್ಸೈಡ್, ಅಡುಗೆ ಸೋಡಾ ಮತ್ತು ವಿನೆಗರ್‌ನಿಂದ. ಅದು ಬಾಗಿ ಬಳುಕುವ ಅಣು. ಅದರ ಬಾಗುವ ಕಂಪನ ಸಾವಿರ ಕೆಲ್ವಿನ್‌ಗಿಂತ ಕೆಳಗೇ ಏಳಲು ಶುರು ಮಾಡುತ್ತದೆ, ಹಾಗಾಗಿ ನಮ್ಮ ಕೋಣೆಯಲ್ಲೂ ಅದು ಅರ್ಧ ಎಚ್ಚರ. ಗಾಮಾ 1.29ರ ಹತ್ತಿರ ಬರಬೇಕು, ಈ ಸಲ ನಿಜವಾದ ಕಾರಣಕ್ಕೆ. ವಿನೆಗರ್‌ನಲ್ಲೂ ನೀರೇ ಅಲ್ವಾ, ಜೆಲ್ ಇನ್ನೊಂದು ಕಿಲೋ ಬೇಕು. ಅದೇ ಅಂಗಡಿಗೆ ಕೇಳುವುದಿಲ್ಲ.