ಮೆಣಸಿನಕಾಯಿ ಪಟ್ಟಿಗೆ ಹೊಂದಿಸಿದ ಕಂತು

ಬ್ಯಾಡಗಿ ಸೀಮೆಯ ನಮ್ಮ ಆರು ಎಕರೆಯಲ್ಲಿ ಅರ್ಧ ಗೋವಿನಜೋಳ, ಅರ್ಧ ಮೆಣಸಿನಕಾಯಿ. ಕಳೆದ ವರ್ಷ ಜುಲೈನಲ್ಲಿ ಪಿಕಪ್ ಗಾಡಿ ಕೊಳ್ಳಲು ಆರು ಲಕ್ಷ ಸಾಲಕ್ಕೆಂದು ಅಪ್ಪ, ಅಣ್ಣ ಮತ್ತು ನಾನು ಫೈನಾನ್ಸ್ ಕಚೇರಿಗೆ ಹೋದಾಗ, ಅಲ್ಲಿಯ ಮ್ಯಾನೇಜರು ಮೊದಲು ಮುಂದಿಟ್ಟದ್ದು ತಿಂಗಳ ಕಂತಿನ ಲೆಕ್ಕವನ್ನು: ಶೇಕಡಾ 12ರ ಬಡ್ಡಿ, ಐದು ವರ್ಷ, ಪ್ರತಿ ತಿಂಗಳು ಸುಮಾರು 13,347 ರೂಪಾಯಿ. ಕೇಳುವುದಕ್ಕೆ ಸಣ್ಣ ಮೊತ್ತವೇ. ಆದರೆ ಅಣ್ಣನ ಮೋಟಾರ್‌ಸೈಕಲ್ ಸಾಲದ ಕಂತು ಹಿಂದೆ ಎರಡು ಸಲ ಬೌನ್ಸ್ ಆಗಿ, ಬ್ಯಾಂಕಿನವರೂ ಸಾಲ ಕೊಟ್ಟವರೂ ಬೇರೆ ಬೇರೆಯಾಗಿ ದಂಡ ಮುರಿದುಕೊಂಡಿದ್ದರು. ಎರಡೂ ಸಲ ಅದು ಆಗಸ್ಟ್ ತಿಂಗಳೇ. ಬೀಜ, ಗೊಬ್ಬರ, ಕಳೆ ತೆಗೆಯುವ ಕೂಲಿ, ಮಕ್ಕಳ ಶಾಲೆಯ ಫೀ ಎಲ್ಲವೂ ಮುಗಿದು ಖಾತೆ ಬರಿದಾಗಿರುವ ಕಾಲ ಅದು.

"ಸಾಹೇಬ್ರ, ನಮಗ ವರ್ಷದಾಗ ಎರಡ ಸಲ ರೊಕ್ಕಾ ಬರ್ತೈತಿ. ನೀವು ಹನ್ನೆರಡ ಸಲ ಕೇಳಿದ್ರ ಎಲ್ಲಿಂದ ತರೂಣು?" ಎಂದು ಅಪ್ಪ ಕೇಳಿದರು.

ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳ ಕಂತು ಕೊಡುವುದು ರೂಢಿಯಲ್ಲಿದೆ. ಪಿಕಪ್ ಬಾಡಿಗೆಗೆ ಓಡುವ ಗಾಡಿಯೆಂದು ಎಣಿಸುವುದರಿಂದ ಅದಕ್ಕೆ ತಿಂಗಳ ಕಂತೇ ಸಾಮಾನ್ಯ. ಮ್ಯಾನೇಜರು ಸ್ವಲ್ಪ ಯೋಚಿಸಿ ಆರು ತಿಂಗಳಿಗೊಮ್ಮೆ 81,521 ರೂಪಾಯಿಯ ಲೆಕ್ಕ ಹಾಕಿಕೊಟ್ಟರು. ಆದರೆ ಸಾಲ ಜುಲೈ 20ಕ್ಕೆ ಸಿಗುವುದಾದ್ದರಿಂದ ಕಂತು ಬೀಳುವುದು ಜನವರಿ 20ಕ್ಕೆ ಮತ್ತು ಜುಲೈ 20ಕ್ಕೆ. ಜನವರಿಯಲ್ಲಿ ಮೆಣಸಿನಕಾಯಿ ಇನ್ನೂ ಕಣದಲ್ಲಿ ಒಣಗುತ್ತಿರುತ್ತದೆ, ಜುಲೈನಲ್ಲಿ ಮನೆಯಲ್ಲಿ ಕಾಸಿರುವುದಿಲ್ಲ. ತಿಂಗಳ ಕಂತಿಗಿಂತ ಇದೇನೂ ಮೇಲಲ್ಲವೆಂದು ನನಗನಿಸಿತು.

ಆಗ ಅಪ್ಪ ಚೀಲದಿಂದ ಬಿಸ್ಕತ್ತಿನ ಹಳೆಯ ಡಬ್ಬಿ ತೆಗೆದರು. ದಲಾಲಿ ಅಂಗಡಿಯವರು ಮೂರು ವರ್ಷ ಕೊಟ್ಟ ಪಟ್ಟಿಗಳೆಲ್ಲ ಅದರಲ್ಲಿದ್ದವು. ಕೆಲವಕ್ಕೆ ಮೆಣಸಿನಕಾಯಿಯ ಕೆಂಪು ಪುಡಿ ಅಂಟಿಕೊಂಡು ಮ್ಯಾನೇಜರು ಸೀನಿದರು. ಪಟ್ಟಿಗಳನ್ನು ಪಾಸ್‌ಬುಕ್ಕಿನ ಪಕ್ಕದಲ್ಲಿಟ್ಟು, ಮಾರಿದ ದಿನವನ್ನಲ್ಲ, ಹಣ ಖಾತೆಗೆ ಬಂದ ದಿನವನ್ನು ನಾನು ಗುರುತು ಹಾಕಿದೆ. ಗೋವಿನಜೋಳದ ಹಣ ಮೂರೂ ವರ್ಷ ನವೆಂಬರ್ ಎರಡನೆಯ ವಾರದೊಳಗೆ ಬಂದಿತ್ತು. ಮೆಣಸಿನಕಾಯಿಯದು ಜನವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ತುಂಡುತುಂಡಾಗಿ ಬಂದಿತ್ತು. ಕೂಲಿ ಕಳೆದು ಒಳ್ಳೆಯ ವರ್ಷ 4,10,000 ಉಳಿದಿದ್ದರೆ ಕೆಟ್ಟ ವರ್ಷ ಉಳಿದದ್ದು 1,82,000 ಮಾತ್ರ.

ಹೀಗಾಗಿ ನವೆಂಬರ್ 20ಕ್ಕೆ 60,000, ಮಾರ್ಚ್ 20ಕ್ಕೆ ಉಳಿದದ್ದು ಎಂದು ಕೇಳಿದೆವು. ಮ್ಯಾನೇಜರು ಮೇಲಿನ ಕಚೇರಿಗೆ ಫೋನು ಮಾಡಿ ಒಪ್ಪಿಗೆ ಪಡೆದು ಹೊಸ ಲೆಕ್ಕ ತೆಗೆದಾಗ ಮಾರ್ಚ್ ಕಂತು ಸುಮಾರು 99,150 ಬಂತು. ಬೆಳೆ ನೋಡಿ ಕಟ್ಟಿದರೆ ಬಡ್ಡಿ ಹೆಚ್ಚುತ್ತದೆಂದೇ ನಾನು ತಿಳಿದಿದ್ದೆ, ಆದರೆ ಲೆಕ್ಕ ಬೇರೆಯೇ ಹೇಳಿತು. ಐದು ವರ್ಷದ ಒಟ್ಟು ಬಡ್ಡಿ ತಿಂಗಳ ಕಂತಿನಲ್ಲಿ ಸುಮಾರು 2,00,800, ಆರು ತಿಂಗಳ ಕಂತಿನಲ್ಲಿ 2,15,200, ಇದರಲ್ಲಿ 1,95,800. ಇಲ್ಲಿ ಮೊದಲ ಎಂಟೇ ತಿಂಗಳಲ್ಲಿ ಎರಡು ದೊಡ್ಡ ಕಂತು ಹೋಗುತ್ತವೆ, ಸಾಲವೂ ನಾಲ್ಕು ತಿಂಗಳು ಮೊದಲೇ ತೀರುತ್ತದೆ. ಇದೇ ಸಾಲವನ್ನು ಏಪ್ರಿಲ್‌ನಲ್ಲಿ ತೆಗೆದಿದ್ದರೆ ಮೊದಲ ಕಂತಿಗೆ ಏಳು ತಿಂಗಳು ಬಡ್ಡಿ ಬೆಳೆಯುತ್ತಿತ್ತು, ಲೆಕ್ಕ ತಿರುಗುಮುರುಗಾಗುತ್ತಿತ್ತು.

ಸಹಿ ಹಾಕುವ ಮುನ್ನ ಕಂತಿನ ಪೂರ್ತಿ ಪಟ್ಟಿಯನ್ನು ನಾನು ಕೇಳಿ ಓದಿದೆ. ಅದನ್ನು ಸಾಲಗಾರನಿಗೆ ಮೊದಲೇ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಪಟ್ಟಿ ಸರಿಯಿತ್ತು. ಆದರೆ ಖಾತೆಯಿಂದ ತಾನಾಗಿ ಹಣ ಕಡಿತಗೊಳಿಸುವ ಫಾರ್ಮಿನಲ್ಲಿ ಹಳೆಯಂತೆಯೇ "ಪ್ರತಿ ತಿಂಗಳು" ಎಂಬ ಚೌಕಕ್ಕೆ ಟಿಕ್ ಬಿದ್ದಿತ್ತು. ಅದನ್ನು ಹರಿದು ಹಾಕಿಸಿ ಬೇರೆ ಬರೆಸಿದೆವು.

ಈ ಏರ್ಪಾಡಿಗೆ ಒಂದು ಅಪಾಯವಿದೆ. ತಿಂಗಳ ಕಂತು ತಪ್ಪಿದರೆ ಬಾಕಿ ಹದಿಮೂರು ಸಾವಿರ. ಇಲ್ಲಿ ತಪ್ಪಿದರೆ ಒಮ್ಮೆಗೇ ತೊಂಬತ್ತೊಂಬತ್ತು. ಮೆಣಸಿನಕಾಯಿ ಕೆಟ್ಟ ವರ್ಷ ಬಂದರೂ, ಮಾರ್ಚಿನಲ್ಲೇ ತೀರಿಸಬೇಕಾದ ಸೊಸೈಟಿಯ ಬೆಳೆಸಾಲ 60,000 ಸೇರಿ ಎರಡಕ್ಕೂ 1,82,000 ಸಾಕಾಗುತ್ತದೆಯೇ ಎಂದು ಅಪ್ಪ ಬೆರಳು ಮಡಚಿ ಎಣಿಸಿ ನೋಡಿಯೇ ತಲೆಯಾಡಿಸಿದರು. ಗಾಡಿಯ ಬಾಡಿಗೆಯನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಎರಡೂ ಕಂತು ಸರಿಯಾದ ದಿನಕ್ಕೆ ಹೋದವು. ಆದರೆ ಮೊನ್ನೆ ಜುಲೈನಲ್ಲಿ ಗಾಡಿಯ ವಿಮೆ ಮುಗಿಯುತ್ತಿದೆಯೆಂಬ ಸಂದೇಶ ಬಂದಾಗಲೇ, ಜುಲೈನಲ್ಲಿ ಕೊಂಡ ಗಾಡಿಗೆ ವಿಮೆಯೂ ಪ್ರತಿ ಜುಲೈಗೇ ಬರುತ್ತದೆಂಬುದು ನಮಗೆ ಹೊಳೆದದ್ದು. ಅದನ್ನು ವೈನಿ ತಮ್ಮ ಹಾಲಿನ ಡೇರಿಯ ದುಡ್ಡಿನಿಂದ ಕಟ್ಟಿದರು.