ಕರೆಂಟಿಲ್ಲದಾಗ ಉರಿದ ಫ್ರಿಜ್ಜಿನ ಬಲ್ಬು

ಪುಣೆಯಲ್ಲಿ ಗುರುವಾರ ರಿಪೇರಿಗೆಂದು ಕರೆಂಟು ತೆಗೆಯುವುದು ಹೊಸದೇನಲ್ಲ. ಕೋಥ್ರೂಡಿನ ನಮ್ಮ ಮನೆಯಲ್ಲಿ ಅದಕ್ಕೆಂದೇ 900 ವಿಎ ಇನ್ವರ್ಟರ್ ಇದೆ. ಅಡುಗೆಮನೆ ದುರಸ್ತಿಯಾದ ಮೇಲಿನ ಮೊದಲ ಗುರುವಾರ ಅದು ಹಟಕ್ಕೆ ಬಿತ್ತು. ಕಾಲು ಗಂಟೆ ಚೆನ್ನಾಗಿ ನಡೆದು, ಕೀಂ ಕೀಂ ಎಂದು ನಾಲ್ಕಾರು ಸಲ ಕೂಗಿ ಸತ್ತಿತು. ಮತ್ತೆ ಹಾಕಿದರೆ ಕೂಡಲೇ ಅದೇ ರಾಗ. ಇನ್ನೊಮ್ಮೆ ಹಾಕಿದಾಗ ಐದು ನಿಮಿಷ ತಡೆದು ಬಿತ್ತು.

ಬ್ಯಾಟರಿ ಹೋಗಿದೆ ಎಂದುಕೊಂಡು ಹೊಸದರ ರೇಟು ಕೇಳಲು ಫೋನು ಎತ್ತಿದ್ದೆ. ಅಷ್ಟರಲ್ಲಿ ಕೆಳಗಿನ ಮನೆಯ ಧಾರವಾಡದ ಮಾಮಾ ಬಂದರು. ಫ್ಯಾಕ್ಟರಿಯಲ್ಲಿ ಮೋಟಾರು ಬಿಚ್ಚಿ ಕೂಡಿಸಿಯೇ ರಿಟೈರಾದವರು.

"ಯಾವ ದೀಪ ಹತ್ತೇತಿ ನೋಡಿದ್ಯೇನು? ಲೋ ಬ್ಯಾಟರಿನೋ, ಓವರ್‌ಲೋಡೋ?"

ನೋಡಿರಲಿಲ್ಲ. ಓವರ್‌ಲೋಡ್ ದೀಪ ಉರಿಯುತ್ತಿತ್ತು. ಆದರೂ ಮಾಮಾ ಮಲ್ಟಿಮೀಟರ್ ಹಚ್ಚಿದರು. ಸುಮ್ಮನಿದ್ದಾಗ 12.7 ವೋಲ್ಟ್, ಫ್ಯಾನು ಟಿವಿ ಹಾಕಿದರೆ 12.1. ಸೋತ ಬ್ಯಾಟರಿಯಾಗಿದ್ದರೆ ಇಷ್ಟು ಲೋಡಿಗೇ ಹನ್ನೊಂದರ ಕೆಳಗೆ ಜಾರುತ್ತಿತ್ತಂತೆ. ನನ್ನ ಹಲವು ಸಾವಿರ ಉಳಿಯಿತು.

ಲೆಕ್ಕ ಹಾಕಿದೆವು. ಮೂರು ಫ್ಯಾನಿಗೆ 225 ವ್ಯಾಟ್, ಟಿವಿ, ದೀಪ, ವೈಫೈ ಸೇರಿ ಒಟ್ಟು 350ರ ಆಸುಪಾಸು. ನಮ್ಮ ಇನ್ವರ್ಟರ್ ಸುಮಾರು 700 ವ್ಯಾಟ್ ಲೋಡು ತಡೆಯಬೇಕು. ಮತ್ತೆ ಕೂಗುವುದೇಕೆ?

"ನಮಗ ಕಾಣದ್ದು ಏನೋ ಎಳ್ಯಾಕತ್ತೇತಿ. ಯಾರೂ ಸ್ವಿಚ್ ಮುಟ್ಟದs ಲೋಡ್ ಏರ್ತೇತಂದ್ರ ಅದು ತಾನs ಹತ್ತಿ ತಾನs ಆರೂ ಮೋಟಾರ್" ಎಂದರು ಮಾಮಾ.

ಎಲ್ಲ ಸ್ವಿಚ್ಚುಗಳನ್ನು ಆರಿಸಿ ಇನ್ವರ್ಟರ್ ಹಾಕಿದೆವು. ಖಾಲಿ ಇದ್ದೂ ಕೂಗಿದ್ದರೆ ದೋಷ ಯಂತ್ರದ್ದೋ ವೈರಿಂಗಿನದೋ ಆಗಿರುತ್ತಿತ್ತು, ಕೂಗಲಿಲ್ಲ. ಒಂದೊಂದಾಗಿ ಹಾಕುತ್ತ ಅಡುಗೆಮನೆಗೆ ಬಂದೆವು. ಮಾಮಾ ಫ್ರಿಜ್ಜಿನ ಸ್ವಿಚ್ ಒತ್ತಿ ಬಾಗಿಲು ತೆರೆದರು. ಊರಿಗೇ ಕರೆಂಟಿಲ್ಲ, ಒಳಗಿನ ಬಲ್ಬು ಮಾತ್ರ ನಗುತ್ತಿತ್ತು! ಹಿಂದಿನಿಂದ ಗುಂಯ್ ಎಂಬ ಸದ್ದು, ಅದರ ಹಿಂದೆಯೇ ಕೀಂ ಕೀಂ. ದುರಸ್ತಿಗೆ ಬಂದವನು ಫ್ರಿಜ್ಜಿನ ಹೊಸ ಪಾಯಿಂಟಿಗೆ ಪಕ್ಕದ ಬೋರ್ಡಿನ ಇನ್ವರ್ಟರ್ ಲೈನನ್ನೇ ಕೊಟ್ಟುಬಿಟ್ಟಿದ್ದ.

ನಮ್ಮದು ಹಳೇ ಫ್ರಿಜ್ಜು. ಓಡುವಾಗ 150 ವ್ಯಾಟ್ ಸಾಕು, ಆದರೆ ನಿಂತ ಕಂಪ್ರೆಸರ್ ಏಳುವ ಕ್ಷಣಕ್ಕೆ ಅದರ ಐದಾರು ಪಟ್ಟು ಬೇಡುತ್ತದೆ. ಕೆಸರಿನಲ್ಲಿ ನಿಂತ ಚಕ್ಕಡಿಯನ್ನು ಮೊದಲು ಕದಲಿಸುವಷ್ಟು ಕಷ್ಟ. ಕರೆಂಟು ಹೋದಾಗ ಅದು ಓಡುತ್ತಲೇ ಇತ್ತು, ಹಾಗಾಗಿ ಇನ್ವರ್ಟರಿಗೆ ಗೊತ್ತಾಗಲಿಲ್ಲ. ತಣ್ಣಗಾಗಿ ನಿಂತು ಮತ್ತೆ ಏಳಹೋದಾಗ ಬಿತ್ತು. ನಾನು ಗಡಿಬಿಡಿಯಲ್ಲಿ ಮತ್ತೆ ಹಾಕಿದ್ದಂತೂ ಇನ್ನೂ ತಪ್ಪು. ಆಗತಾನೇ ನಿಂತ ಕಂಪ್ರೆಸರಿನಲ್ಲಿ ಗ್ಯಾಸಿನ ಒತ್ತಡ ಇಳಿದಿರುವುದಿಲ್ಲ, ಏಳಲಾರದೆ ಇನ್ನಷ್ಟು ಎಳೆಯುತ್ತದೆ. ಐದು ನಿಮಿಷವಾದರೂ ಬಿಡಬೇಕಿತ್ತು.

ಸಂಜೆ ಬೇರೊಬ್ಬರನ್ನು ಕರೆಸಿ ಆ ಪಾಯಿಂಟನ್ನು ಮೇನ್ ಲೈನಿಗೆ ಹಾಕಿಸಿದೆ. ಮುಂದಿನ ಗುರುವಾರ ಮೂರು ಗಂಟೆ ಸದ್ದಿಲ್ಲ. ಆಮೇಲೆ ಹೆಂಡತಿ ಚಟ್ನಿಗೆಂದು 750 ವ್ಯಾಟಿನ ಮಿಕ್ಸಿ ಒತ್ತಿದಳು. ಈ ಸಲ ಕಾರಣ ಹುಡುಕಲು ಮಾಮಾ ಬೇಕಾಗಲಿಲ್ಲ.