ತಡವಾಗಿ ಹೆಸರು ಬರೆಸಿದವರಿಗೆ ಎರಡು ನಿಮಿಷದ ಸ್ವಾಗತ: ವಿಜಯಪುರದ ಚಿತ್ರ ಶಿಬಿರಕ್ಕೆ ನನ್ನ ತಯಾರಿ

ಸೋಮವಾರ

ಬರುವ ಭಾನುವಾರ ನಮ್ಮ ಬಳಗದ ಒಂದು ದಿನದ ಚಿತ್ರ ಶಿಬಿರ. ಬೆಳಗ್ಗೆ ಗೋಳಗುಮ್ಮಟ, ಮಧ್ಯಾಹ್ನ ಇಬ್ರಾಹಿಂ ರೋಜಾ, ಸಂಜೆ ಬಾರಾ ಕಮಾನು. ನಿರೂಪಣೆ ನನ್ನದು. ಮುಖ್ಯ ಸ್ವಾಗತ ಎಂಟೂವರೆಗೆ ಸ್ಟೇಷನ್ ರಸ್ತೆಯ ಹಾಲ್‌ನಲ್ಲಿ ಇದೆ. ಅದನ್ನು ಆಗಲೇ ಬರೆದು ಮುಗಿಸಿದ್ದೇನೆ. ಈ ವಾರ ಪೂರ್ತಿ ಬೇರೊಂದು ಸಣ್ಣ ಮಾತಿನ ಮೇಲೆ ಕೂತಿದ್ದೇನೆ. ಅದು ಹೆಸರು ಬರೆಸುವ ಗಡುವು ಮುಗಿದ ಮೇಲೆ ಬರುವವರಿಗೆ ಹೇಳುವ ಸ್ವಾಗತ.

ಅಂಥವರು ಬಂದೇ ಬರುತ್ತಾರೆ. ಬಾಗಲಕೋಟೆ ಕಡೆಯಿಂದ, ಸೊಲ್ಲಾಪುರ ಕಡೆಯಿಂದ ರೈಲಿನಲ್ಲಿ ಬರುವವರು ಇದ್ದಾರೆ. ಜಮಖಂಡಿ, ಬೆಳಗಾವಿಯಿಂದ ಬಸ್ಸಿಗೆ ಬರುವವರು ಇದ್ದಾರೆ. ರೈಲಿನವರು ಒಟ್ಟಿಗೆ ಇಳಿಯುತ್ತಾರೆ. ಸ್ಟೇಷನ್ನಿಂದ ಗುಮ್ಮಟ ಹತ್ತಿರ, ಅವರು ನೇರ ಅಲ್ಲಿಗೇ ಬರುತ್ತಾರೆ. ಬಸ್ಸಿನವರು ಊರ ನಡುವೆ ಇಳಿದು, ಆಟೋ ಹಿಡಿದು, ಒಬ್ಬೊಬ್ಬರಾಗಿ ಬರುತ್ತಾರೆ. ಹಾಗಾಗಿ ಈ ಸ್ವಾಗತವನ್ನು ಒಮ್ಮೆ ಹೇಳಿ ಮುಗಿಸುವುದು ಆಗದು. ಎಷ್ಟು ಸಲ ಬೇಕಾದರೂ, ಇಬ್ಬರಿದ್ದರೂ ಇಪ್ಪತ್ತು ಜನ ಇದ್ದರೂ ಅದೇ ಮಾತು ಹೇಳಬೇಕು. ಅದಕ್ಕೇ ಎರಡು ನಿಮಿಷ ದಾಟಬಾರದು ಅಂತ ಮೊದಲೇ ಗೆರೆ ಎಳೆದುಕೊಂಡೆ.

ಇವರ ಹತ್ತಿರ ಏನೇನು ಇರುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದೆ. ಮುಂಚೆ ಹೆಸರು ಬರೆಸಿದವರಿಗೆ ವಾಟ್ಸಾಪ್‌ನಲ್ಲಿ ವೇಳಾಪಟ್ಟಿ ಹೋಗಿದೆ, ಇವರಿಗೆ ಹೋಗಿಲ್ಲ. ಅವರ ಗುಂಪು ಗೊತ್ತಾಗಿದೆ, ಇವರದು ಇಲ್ಲ. ಊಟದ ಲೆಕ್ಕ ಅಡುಗೆಯವರಿಗೆ ಶನಿವಾರ ಸಂಜೆಯೇ ಹೋಗುತ್ತದೆ, ಅದರಲ್ಲೂ ಇವರು ಇಲ್ಲ. ಜೊತೆಗೆ ಎಲ್ಲರೂ ಆಗಲೇ ಕೂತು ಬಿಡಿಸುತ್ತಿರುವುದು ಕಣ್ಣಿಗೆ ಬೀಳುತ್ತದೆ. ಮನಸ್ಸು ಅತ್ತ ಓಡುತ್ತಿರುತ್ತದೆ. ಇಂಥವರ ಮುಂದೆ ಬಳಗ ಯಾವಾಗ ಶುರುವಾಯಿತು, ಯಾರು ಕಟ್ಟಿದರು ಅಂತ ಹೇಳುತ್ತಾ ನಿಂತರೆ ಕಿವಿಗೆ ಹೋಗುತ್ತದಾ?

ಮಂಗಳವಾರ

ಮೊದಲ ಕರಡು ದಿನದ ಶುರುವಿನಿಂದ ಶುರುವಾಗುತ್ತಿತ್ತು. ಎಂಟಕ್ಕೆ ನೋಂದಣಿ, ಎಂಟೂವರೆಗೆ ಸ್ವಾಗತ, ಒಂಬತ್ತಕ್ಕೆ ಗುಮ್ಮಟ. ಕೇಳುವವರಿಗೆ ಇದೆಲ್ಲ ಮುಗಿದ ಕಥೆ. ಆ ಮೂರು ಸಾಲನ್ನು ತೆಗೆದೆ. ಈಗ ಮಾತು "ಈಗ ನೀವು ಎಲ್ಲಿಗೆ ಹೋಗಬೇಕು" ಅನ್ನುವುದರಿಂದ ಶುರು. ಅಲ್ಲಿಂದ ಮುಂದಕ್ಕೆ ಮಾತ್ರ, ಹಿಂದಕ್ಕೆ ಇಲ್ಲ.

ತಡವಾಯಿತು ಅಂತ ನೆನಪಿಸುವ ಸಾಲನ್ನೂ ತೆಗೆದೆ. ಅವರಿಗೆ ಅದು ಗೊತ್ತು. ರಾತ್ರಿಯೇ ಮನೆ ಬಿಟ್ಟು ಬಂದವರೂ ಇರುತ್ತಾರೆ.

ಇನ್ನೊಂದು ಮುಖ್ಯ ಬದಲಾವಣೆ. ಬರೀ ಸಮಯ ಹೇಳಿದರೆ ಅದು ತಲೆಯಲ್ಲಿ ನಿಲ್ಲುವುದಿಲ್ಲ. ಕಾರಣ ಜೊತೆಗಿದ್ದರೆ ನಿಲ್ಲುತ್ತದೆ. ನಮ್ಮ ವೇಳಾಪಟ್ಟಿಗೆ ಗಟ್ಟಿ ಕಾರಣ ಇದೆ, ಅದು ಬಿಸಿಲು. ಗೋಳಗುಮ್ಮಟದ ಎದುರು ಗೋಡೆ ದಕ್ಷಿಣಕ್ಕಿದೆ. ಡಿಸೆಂಬರ್‌ನಲ್ಲಿ ಬೆಳಗಿನ ಬಿಸಿಲು ಆಗ್ನೇಯದಿಂದ ಓರೆಯಾಗಿ ಬೀಳುತ್ತದೆ. ಮೂಲೆಯ ಎಂಟು ಮುಖದ ಮಿನಾರುಗಳಲ್ಲಿ ಒಂದು ಮುಖ ಬೆಳಕು, ಪಕ್ಕದ್ದು ಕತ್ತಲು. ಏಳು ಅಂತಸ್ತೂ ಬೇರೆ ಬೇರೆ ಕಾಣುತ್ತವೆ. ಗೋಡೆಯ ಮೇಲ್ಭಾಗದಲ್ಲಿ ಮುಂದಕ್ಕೆ ಚಾಚಿದ ದೊಡ್ಡ ಕಲ್ಲಿನ ಛಜ್ಜೆ ಇದೆಯಲ್ಲ, ಬೆಳಗ್ಗೆ ಅದರ ನೆರಳು ಕಿರಿದು. ಸೂರ್ಯ ಏರಿದಂತೆ ಆ ನೆರಳು ಗೋಡೆಯ ಮೇಲೆ ಕೆಳಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆಳಕು ಎದುರಿನಿಂದಲೇ ಬಿದ್ದು ಗೋಡೆ ಚಪ್ಪಟೆ ಅನಿಸುತ್ತದೆ. ಆಗ ಇಬ್ರಾಹಿಂ ರೋಜಾದ ಕಮಾನಿನ ಪಡಸಾಲೆ ಸರಿ. ಅಲ್ಲಿ ನೆರಳಲ್ಲಿ ಕೂತು ಗೋಡೆಯ ಕೆತ್ತನೆ ಬಿಡಿಸಬಹುದು. ಸಂಜೆ ಬಾರಾ ಕಮಾನು. ಎರಡನೇ ಅಲಿ ಆದಿಲ್ ಶಾಹ ಅದನ್ನು ಮುಗಿಸಲಿಲ್ಲ, 1672ರಲ್ಲಿ ತೀರಿಕೊಂಡ. ಚಾವಣಿ ಇಲ್ಲದ ಆ ಕರಿ ಕಲ್ಲಿನ ಕಮಾನುಗಳ ನಡುವೆ ಪಡುವಣ ಬಿಸಿಲು ತೂರಿ ಬರುತ್ತದೆ.

ಇದಿಷ್ಟನ್ನೂ ಸ್ವಾಗತದಲ್ಲಿ ಹೇಳಲು ಆಗದು. ಒಂದೊಂದು ಜಾಗಕ್ಕೆ ಒಂದೇ ಸಾಲು ಸಾಕು. "ಬಿಸಿಲು ಎತ್ತ, ನಾವು ಅತ್ತ" ಅಂತ ಬರೆದುಕೊಂಡಿದ್ದೇನೆ. ಗುಂಪು ತಪ್ಪಿದವರು ಗಡಿಯಾರ ನೋಡದೆಯೂ ನಮ್ಮನ್ನು ಹುಡುಕಬಹುದು.

ಬುಧವಾರ

ಎಲ್ಲಿ ನಿಂತು ಹೇಳುವುದು? ಬಳಗದ ಹಿರಿಯಣ್ಣ ಒಬ್ಬರು, "ಗುಮ್ಮಟದ ಒಳಗೇ ಹೇಳ್ರಿ, ದನಿ ದೊಡ್ಡದಾಗಿ ಕೇಳ್ತದ" ಅಂದರು. ಸಂಜೆ ಇಬ್ಬರೂ ಹೋಗಿ ನೋಡಿದೆವು. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ ಅದು. ಒಳಗೆ ನಡುವೆ ಒಂದು ಕಂಬವೂ ಇಲ್ಲ. ದನಿ ಎಲ್ಲೂ ತಡೆಯದೆ ಗೋಡೆಯಿಂದ ಗೋಡೆಗೆ ಓಡುತ್ತದೆ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುತ್ತದೆ. ಚಪ್ಪಾಳೆಗೆ ಅದು ಚೆಂದ, ವೇಳಾಪಟ್ಟಿಗೆ ಅಲ್ಲ. ಅಣ್ಣಾರನ್ನು ಎದುರು ಬದಿಗೆ ನಿಲ್ಲಿಸಿ "ಹನ್ನೆರಡೂಕಾಲಿಗೆ ಊಟ, ಒಂದೂವರೆಗೆ ಬಸ್ಸು" ಅಂದೆ. ಬಸ್ಸು ಅನ್ನುವಾಗ ಇನ್ನೂ ಊಟ ತಿರುಗಿ ಬರುತ್ತಿತ್ತು. ಅವರಿಗೆ ಕೇಳಿದ್ದು "ಊಟ, ಒಂದೂವರೆ". ಆ ಜೋಡಿಯನ್ನು ನಂಬಿದವರು ಬಸ್ಸೂ ತಪ್ಪಿಸುತ್ತಾರೆ, ಊಟವೂ ತಪ್ಪಿಸುತ್ತಾರೆ. ಕೆಳಗಿನ ಹಾಲ್‌ನಲ್ಲೂ ಮಾತು ಮಸುಕಾಗುತ್ತದೆ, ಅದರಲ್ಲೂ ಮೇಲೆ ಶಾಲೆ ಮಕ್ಕಳು ಕೂಗುತ್ತಿದ್ದರೆ ಜಾಸ್ತಿ.

ಹಾಗಾಗಿ ಎಲ್ಲ ಮಾತೂ ಗೇಟಿನ ಹೊರಗೆ, ಟಿಕೆಟ್ ತೆಗೆಸುವ ಮುಂಚೆ. ಸ್ಮಾರಕದ ಆವರಣದಲ್ಲಿ ಅನುಮತಿ ಇಲ್ಲದೆ ಸಭೆ ಸೇರುವ ಹಾಗೂ ಇಲ್ಲ. ನೋಂದಣಿಯ ಮೇಜು ಒಂಬತ್ತರ ಮೇಲೆ ಗೇಟಿನ ಹೊರಗಿನ ಮರದ ಕೆಳಗೆ ಬರುತ್ತದೆ. ಮೈಕ್ ಇಲ್ಲ, ಬರಿ ಗಂಟಲು. ಆಟೋ ಹಾರ್ನು, ಟಾಂಗಾದ ಸದ್ದು ಇದ್ದೇ ಇರುತ್ತದೆ. ಅದಕ್ಕೆ ನಾನು ರಸ್ತೆಗೆ ಬೆನ್ನು ಕೊಡುವುದಿಲ್ಲ, ರಸ್ತೆ ಕಡೆ ಕಂಪೌಂಡ್ ಗೋಡೆ ಇರುವಲ್ಲಿ ನಿಲ್ಲುತ್ತೇನೆ. ಕೇಳುವವರ ಕಣ್ಣಿಗೆ ಬಿಸಿಲು ಹೊಡೆಯಬಾರದು. ಬಿಸಿಲು ನನ್ನ ಮುಖಕ್ಕಿರಲಿ.

ಗುರುವಾರ

ಊಟದ ಸಾಲು ಬಹಳ ಹೊತ್ತು ತೆಗೆದುಕೊಂಡಿತು. "ಎಲ್ಲರಿಗೂ ಊಟ ಇದೆ" ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಇವರು ಲೆಕ್ಕದಲ್ಲಿ ಇಲ್ಲ ಅನ್ನುವುದು ನಿಜ. ಅಡುಗೆ ಅಕ್ಕಾರ ಹತ್ತಿರ ಕೂತು ಮಾತಾಡಿದೆ. ಕಟಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಜಾಸ್ತಿ ಮಾಡಿಸಿದರೆ ನಷ್ಟ ಇಲ್ಲ. ಶೇಂಗಾ ಚಟ್ನಿ, ಮೊಸರು ಹಾಗೇ. ಎಣ್ಣೆಗಾಯಿ ಮಾತ್ರ ಲೆಕ್ಕದ್ದು. "ಅನ್ನ-ಸಾರು ಕುಕ್ಕರ್ ಇಡ್ತೀನಿ, ಆದ್ರ ಹತ್ತೂವರಿಗೆ ಎಷ್ಟ ಮಂದಿ ಅಂತ ಹೇಳ್ಬೇಕು" ಅಂದರು. ಸ್ವಾಗತದಲ್ಲಿ ಹೇಳಬೇಕಾದ್ದು ಇದರಿಂದಲೇ ಸಿಕ್ಕಿತು. ಹತ್ತೂವರೆಯೊಳಗೆ ಕೂಪನ್ ತೆಗೆದುಕೊಳ್ಳಿ, ನಿಮ್ಮದು ಎರಡನೇ ಪಂಕ್ತಿ. ಮುಚ್ಚಿಡದೆ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಲ್‌ನ ಬಾಗಿಲಲ್ಲಿ ಗೊತ್ತಾದರೆ ಮಾಡಿಕೊಳ್ಳುತ್ತಾರೆ.

ಶುಕ್ರವಾರ

ಈಗಿನ ರೂಪ ಇದು. ಮಾತು ನಮ್ಮ ಕಡೆಯ ಧಾಟಿಯಲ್ಲೇ ಇದೆ.

"ಬರ್ರಿ ಬರ್ರಿ, ನಮಸ್ಕಾರ್ರೀ. ಎಲ್ಲಾರೂ ಸ್ವಲ್ಪ ಹತ್ರ ಬರ್ರಿ. ನೀವು ಬಂದದ್ದು ಭಾಳ ಸಂತೋಷ. ಎರಡ ನಿಮಿಷ ಕೇಳ್ರಿ, ಆಮೇಲೆ ನೇರ ಚಿತ್ರಕ್ಕ ಕೂಡೋಣ.

ಈಗ ಮಾಡೋದು ಮೂರು. ಈ ಮೇಜಿನ್ಯಾಗ ಹಳದಿ ಬ್ಯಾಡ್ಜ್, ರಟ್ಟು, ಊಟದ ಕೂಪನ್ ತಗೋರಿ. ಆ ಕಿಟಕಿಯೊಳಗ ಟಿಕೆಟ್ ತಗೋರಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬ್ಯಾಡ. ಒಳಗ ಹುಲ್ಲಿನ ಮ್ಯಾಲ ಹಳದಿ ಟೊಪ್ಪಿಗಿ ಹಾಕ್ಕೊಂಡ ಅಕ್ಕಾರ ಕೂತಾರ, ಅವರೇ ನಿಮ್ಮ ಗುಂಪಿನವರು.

ಇವತ್ತ ನಮ್ಮ ದಾರಿ ಬಿಸಿಲಿನ ದಾರಿ. ಬಿಸಿಲು ಎತ್ತ, ನಾವು ಅತ್ತ. ಹನ್ನೊಂದರ ತನಕ ಇಲ್ಲೇ ಗುಮ್ಮಟ ಬಿಡಸ್ತೀವಿ. ಮ್ಯಾಲ ಹತ್ತಬೇಕು ಅನ್ನೋರು ಹನ್ನೊಂದಕ್ಕ ಎಲ್ಲಾರ ಜೋಡಿ ಹತ್ತರಿ. ಮೆಟ್ಟಲಾ ಇಕ್ಕಟ್ಟು, ಚೀಲ ಕೆಳಗ ಇರ್ಲಿ.

ಹನ್ನೆರಡೂಕಾಲಿಗೆ ಹಾಲ್‌ನ್ಯಾಗ ಊಟ. ನಿಮ್ಮದು ಎರಡನೇ ಪಂಕ್ತಿ. ಹತ್ತೂವರಿಯೊಳಗ ಕೂಪನ್ ತಗೊಂಡವರಿಗೆ ರೊಟ್ಟಿ, ಅನ್ನ ಎಲ್ಲಾ ಅದ.

ಒಂದೂವರಿಗೆ ಹಾಲ್ ಮುಂದ ಬಸ್ಸು. ನೆರಳಿಗೆ ಇಬ್ರಾಹಿಂ ರೋಜಾ. ಅಲ್ಲೂ ಟಿಕೆಟ್ ಅದ. ನಾಲ್ಕೂಕಾಲಿಗೆ ಬಾರಾ ಕಮಾನು, ಸಂಜಿ ಬಿಸಿಲಿಗೆ. ಐದೂವರಿಗೆ ಎಲ್ಲಾ ಚಿತ್ರ ಹಾಸಿ ನೋಡೋದು. ಆರಕ್ಕ ಬಿಡ್ತೀವಿ.

ಈಗ ನೀವು ಹೇಳ್ರಿ. ಊಟ ಎಷ್ಟಕ್ಕ? ಬಸ್ಸು ಎಲ್ಲಿ?"

ಕೊನೆಯ ಎರಡು ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಕೇಳುವವರು ಬಾಯಿಬಿಟ್ಟು ಹೇಳಿದರೆ ಅವರಿಗೂ ನೆನಪಿರುತ್ತದೆ, ನನಗೂ ಎಲ್ಲಿ ಕೇಳಿಸಿಲ್ಲ ಅಂತ ಗೊತ್ತಾಗುತ್ತದೆ. ಪಕ್ಕದ ಮನೆಯ ಕಾಲೇಜು ಹುಡುಗಿಗೆ ಹೇಳಿ ನೋಡಿದೆ. ಊಟದ ಹೊತ್ತು ಸರಿಯಾಗಿ ಹೇಳಿದಳು. ಬಸ್ಸು "ಗುಮ್ಮಟದ ಮುಂದ" ಅಂದಳು. ಆ ಸಾಲನ್ನು ಇನ್ನು ಮುಂದೆ ಎರಡು ಸಲ ಹೇಳುವುದು ಅಂತ ಅಂಚಿನಲ್ಲಿ ಗುರುತು ಹಾಕಿದೆ.

ಭಾನುವಾರ ರಾತ್ರಿ

ರೈಲಿನವರ ಗುಂಪು ಒಟ್ಟಿಗೆ ಬಂತು, ಮಾತು ಅಂದುಕೊಂಡ ಹಾಗೇ ಸಾಗಿತು. "ಬಸ್ಸು ಎಲ್ಲಿ" ಅಂದಾಗ "ಹಾಲ್ ಮುಂದ್ರೀ" ಅಂತ ಜೋರಾಗಿ ಬಂತು. ಆದರೆ ಮಾತು ಮುಗಿಯುತ್ತಿದ್ದಂತೆ ಒಬ್ಬ ಅಕ್ಕಾರು ಹತ್ತಿರ ಬಂದು ಶೌಚಾಲಯ ಎಲ್ಲಿ ಅಂತ ಮೆಲ್ಲಗೆ ಕೇಳಿದರು. ಅವರ ಹಿಂದೆ ಇನ್ನೂ ಮೂವರು. ಪ್ರಯಾಣ ಮಾಡಿ ಬಂದವರಿಗೆ ಬ್ಯಾಡ್ಜ್‌ಗಿಂತ ಮೊದಲು ಬೇಕಾದ್ದು ಅದು. ಬಸ್ಸಿನವರಿಗೆ ಹೇಳುವಾಗ ಸ್ವಾಗತದ ಎರಡನೇ ಸಾಲೇ ನೀರು ಮತ್ತು ಶೌಚಾಲಯ ಆಯಿತು. ಕೈ ತೋರಿಸಿ ಹೇಳಿದೆ. ಯಾರೂ ಮತ್ತೆ ಕೇಳಲಿಲ್ಲ.

ಹತ್ತೂವರೆ ದಾಟಿದ ಮೇಲೂ ಕೆಲವರು ಬಂದರು. ಅವರಿಗೆ ಊಟದ ಸಾಲು ಬದಲಾಗಬೇಕು: "ಎಣ್ಣೆಗಾಯಿ ಮುಗೀಬಹುದು, ರೊಟ್ಟಿ-ಚಟ್ನಿ-ಮೊಸರು ಗ್ಯಾರಂಟಿ." ಉಳಿದ ಮಾತು ಅದೇ, ಹನ್ನೊಂದೂ ದಾಟಿದ್ದರೆ ಹನ್ನೊಂದರ ಸಾಲೂ ಹೋಗುತ್ತದೆ. ಹೊತ್ತು ಸರಿದಂತೆ ಈ ಸ್ವಾಗತ ಮೇಲಿನಿಂದ ಒಂದೊಂದೇ ಸಾಲು ಕಳೆದುಕೊಂಡು ಗಿಡ್ಡವಾಗುತ್ತಾ ಹೋಗಬೇಕು.

ಮುಂದಿನ ಶಿಬಿರಕ್ಕೆ ಮಾಡಬೇಕಾದ ಕೆಲಸ: ಒಂದೊಂದು ಸಾಲನ್ನು ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದು ದಾರದಲ್ಲಿ ಪೋಣಿಸುವುದು. ಹೊತ್ತು ಮೀರಿದ ಚೀಟಿ ಹಿಂದಕ್ಕೆ ತಿರುವಿ, ಉಳಿದದ್ದನ್ನು ಓದುವುದು. ಹಾಗೆ ಮಾಡಿದರೆ ನಾನು ಚಹಾಕ್ಕೆ ಹೋದಾಗ ಮೇಜಿನ ಹತ್ತಿರ ಕೂತವರು ಯಾರಾದರೂ ಇದೇ ಸ್ವಾಗತ ಹೇಳಬಹುದು.